ಅರಿಷಿಣದ ಮೇಲೆ ಕತ್ತಿ

ಮೊದಲು ಕತ್ತಿ, ಆಮೇಲೆ ಅರಿಷಿಣ. ಇದು ಜ್ಞಾನದೇವನ ಮನೆತನದ ಕಟ್ಟಳೆ. ಮದುಮಗನಿಗೆ ಅರಿಷಿಣ ಹಚ್ಚಿದ ಮೇಲೆ ಅವನ ಮುಖಕ್ಕೆ ಕತ್ತಿ ತಾಗಿಸಬಾರದು. ಯಾಕೆ ಎಂದು ಅಜ್ಜ ಹೇಳಿರಲಿಲ್ಲ, ಅಪ್ಪ ಕೇಳಿರಲಿಲ್ಲ. ದಿಗ್ಗೇವಾಡಿಯಲ್ಲಿ ಮೂವತ್ತು ವರ್ಷ ಮದುಮಕ್ಕಳ ಹಜಾಮತಿ ಮಾಡಿದ ಜ್ಞಾನದೇವ, ಬಾಯಿ ಮುಚ್ಚಿಕೊಂಡು ಅದನ್ನು ಪಾಲಿಸಿಕೊಂಡೇ ಬಂದಿದ್ದ. ತೊಂಬತ್ತೆರಡರ ವೈಶಾಖದಲ್ಲಿ, ಧರೆಪ್ಪನ ಮಗ ಅಪ್ಪಾಸಾಬನ ಮದುವೆಯ ಮುಂಜಾನೆ, ಅದನ್ನು ಮುರಿದ.

ಮುರಿಸಿದವನು ನಿಪ್ಪಾಣಿಯಿಂದ ಬಂದ ಫೋಟೋದ ಭೀಮಸಿ. ಫೋಟೋ, ವಿಡಿಯೋ ಎರಡನ್ನೂ ಹಿಡಿಯುವವನು. ಅವನ ಬಾಯಿ ಅರ್ಧ ಕನ್ನಡ, ಅರ್ಧ ಮರಾಠಿ, ಉಳಿದಿದ್ದೆಲ್ಲ ಬಡಾಯಿ.

"ಹೇ ಕಾಯ್ ಮಾಮಾ! ಇದು ಗಡ್ಡಾನೋ, ಕಬ್ಬಿನ ಹೊಲಾನೋ? ನನ್ನ ಲೈಟಿನ್ಯಾಗ ಇದು ಬರೇ ಕರೀ ತಗ್ಗ ಕಾಣತೈತಿ. ಗಲ್ಲದ ಮ್ಯಾಲ ಎರಡ ಬಟ್ಟ ಇಳಸ್ರಿ, ಕೊಳ್ಳಾಗಿಂದ ಎರಡ ಬಟ್ಟ ಏರಸ್ರಿ. ಅಂಚು ಏಕದಮ್ ಕಡಕ್ ಬರ್ಬೇಕ. ತಲಿಗೆ ಎಣ್ಣಿ ಹಚ್ಚಬ್ಯಾಡ್ರಿ, ಫ್ಲಾಶ್ ಬಿದ್ರ ನೆತ್ತಿ ಕನ್ನಡಿ ಆಗತೈತಿ!" ಎಂದು ಎರಡು ಬೆರಳು ಜೋಡಿಸಿ ಬಟ್ಟಿನ ಅಳತೆ ತೋರಿಸಿದ.

"ನಿನ್ನೆ ಅರಿಷಿಣ ಆಗೇತ್ರಿ" ಎಂದ ಜ್ಞಾನದೇವ.

"ಆಗ್ಲಿ ಬಿಡ ಕಾಕಾ" ಎಂದ ಅಪ್ಪಾಸಾಬ. ನಾಲ್ಕು ತಿಂಗಳು ಆಸೆಪಟ್ಟು ಬೆಳೆಸಿದ ಗಡ್ಡ ಆಲ್ಬಮ್ಮಿನಲ್ಲಿ ತಗ್ಗಾಗಿ ಕಾಣುವುದು ಅವನಿಗೂ ಬೇಕಿರಲಿಲ್ಲ. "ಈಗಿನ ಕಾಲದಾಗ ಅವನ್ನೆಲ್ಲಾ ಯಾರ ನೋಡ್ತಾರ?"

ಜ್ಞಾನದೇವ ಹಂದರದ ಕೆಳಗೆ ಕುರ್ಚಿ ಹಾಕಿಸಿದ. ಮೇಲೆ ಕೇಸರಿ ಬಟ್ಟೆ. ಅದನ್ನು ಸೋಸಿ ಬಂದ ಬಿಸಿಲಿನಲ್ಲಿ ಗಂಡು, ಹೆಣ್ಣು, ಕರಿ ಎಮ್ಮೆ ಎಲ್ಲವೂ ಕೇಸರಿಯೇ. ಹಣಿಗೆಯ ಮೇಲೆ ಕತ್ತರಿ ಓಡಿಸಿ ಗಡ್ಡವನ್ನು ತಗ್ಗಿಸಿದ. ಹೊಸ ಬ್ಲೇಡು ಹಾಕಿ ಎರಡೂ ಗಲ್ಲದ ಗೆರೆ ಇಳಿಸಿದ, ಕೊರಳ ಗೆರೆ ಏರಿಸಿದ. ಕಿವಿಯ ಸುತ್ತ, ಕತ್ತಿನ ಹಿಂದೆ ಉಳಿದ ಸಣ್ಣ ಕೂದಲನ್ನು ಬಟ್ಟೆಯಿಂದ ಝಾಡಿಸಿದ. ಬೆಳಕಿಗೆ ಅವು ಮುಳ್ಳಿನಂತೆ ಮಿಂಚುತ್ತವೆಂದು ಅವನಿಗೆ ಗೊತ್ತಿತ್ತು. ಕೊನೆಗೆ ಪಟಿಕ ಉಜ್ಜಿ, ಎರಡು ಹೆಜ್ಜೆ ಹಿಂದೆ ಸರಿದು ನೋಡಿದ. ಚೆಂದ ಆಗಿತ್ತು.

ಮುಹೂರ್ತಕ್ಕೆ ಇನ್ನೂ ಮುಕ್ಕಾಲು ತಾಸಿತ್ತು. ಬೀಗರು ಬಂದು ಕೂತಿದ್ದರು. ಭೀಮಸಿ ದೊಡ್ಡ ದೀಪವನ್ನು ಕೋಲಿಗೆ ಕಟ್ಟಿ, "ಒಂದ ಸಲ ನೋಡೂಣು" ಎಂದು ಗುಂಡಿ ಒತ್ತಿದ.

ಜ್ಞಾನದೇವ ಮದುಮಗನ ಕಡೆ ತಿರುಗಿ ನೋಡಿದ.

ಕೇಸರಿ ಓಡಿಹೋಗಿ ಮುಖ ಬಯಲಾಗಿತ್ತು. ಹಣೆ, ಮೂಗು, ಗಲ್ಲದೆಲುಬು ಬಿಸಿಲಿಗೆ ಸುಟ್ಟು ಅರಿಷಿಣಕ್ಕೆ ಹಳದಿಗಟ್ಟಿದ್ದವು. ಗಡ್ಡ ಕರ್ರಗೆ ಇತ್ತು. ನಡುವೆ ಎರಡು ಬಟ್ಟಿನಗಲ, ಎರಡೂ ಕಡೆ, ಸುಣ್ಣ ಬಳಿದಂತೆ ಬೆಳ್ಳನೆಯ ಪಟ್ಟಿ! ನಾಲ್ಕು ತಿಂಗಳು ಗಡ್ಡದ ನೆರಳಿನಲ್ಲಿದ್ದ ಚರ್ಮಕ್ಕೆ ಬಿಸಿಲೂ ತಾಗಿರಲಿಲ್ಲ, ನಿನ್ನೆಯ ಅರಿಷಿಣವೂ ಇಳಿದಿರಲಿಲ್ಲ. ಅಜ್ಜ ಹೇಳದಿದ್ದ ಕಾರಣವನ್ನು ದೀಪ ಊರಿಗೆಲ್ಲ ಹೇಳುತ್ತಿತ್ತು.

ಅದನ್ನು ಮೊದಲು ನೋಡಿದವನು ಮದುಮಗಳ ಸೋದರಮಾವ, ಮುಗಳಖೋಡದ ಬಾಬಾಸಾಹೇಬ. ಕಿವಿಯಿಂದ ಇಳಿದು ಮೀಸೆಗೆ ಕೂಡುವ ಗಲ್ಲಮೀಸೆಯವನು. ಕೂತಲ್ಲಿಂದ ಎದ್ದು ಬಂದು, ಅಪ್ಪಾಸಾಬನ ಗದ್ದ ಹಿಡಿದು ದೀಪಕ್ಕೆ ತಿರುಗಿಸಿದ.

"ಏನಿದು?"

ಧರೆಪ್ಪ ಓಡಿ ಬಂದ.

"ಧರೆಪ್ಪಾ, ಏನಿದು ಅಂತ ಕೇಳಾಕತ್ತೇನಿ. ತೊನ್ನ ಐತೇನ ಹುಡುಗಗ? ಅದಕ್ಕ ಗಡ್ಡ ಬಿಡಿಸಿದ್ರೇನ, ಮುಚ್ಚಾಕ?"

ಹೆಂಗಸರ ಕಡೆ ಒಂದು ಗುಸುಗುಸು ಎದ್ದು, ಜೋಳದ ಹೊಲದಲ್ಲಿ ಗಾಳಿ ಹೊಕ್ಕಂತೆ ಒಳಕೋಣೆಯವರೆಗೂ ಹೋಯಿತು. ಒಳಗೆ ಮದುಮಗಳು ಚಂದ್ರಮತಿಗೆ ಹೂವಿನ ದಂಡೆ ಕಟ್ಟುತ್ತಿದ್ದರು. ಅಪ್ಪಾಸಾಬ ಅಂಗೈಯಿಂದ ಗಲ್ಲ ಮುಚ್ಚಿಕೊಂಡ. ಧರೆಪ್ಪ ಬೀಗನ ಕಡೆ ನೋಡಲಿಲ್ಲ. ಸೀದಾ ಜ್ಞಾನದೇವನ ಕಡೆ ನೋಡಿದ. ಆ ನೋಟಕ್ಕಿಂತ ಎರಡು ಏಟು ಕೊಟ್ಟಿದ್ದರೆ ಹಗುರವಾಗುತ್ತಿತ್ತು.

ಈ ಮದುವೆ ಮುರಿದರೆ ಹುಡುಗನಿಗೆ ಇನ್ನೊಂದು ಹೆಣ್ಣು ಸಿಗುವುದಿಲ್ಲ. ಇಲ್ಲದ ತೊನ್ನು ಕೃಷ್ಣೆಯ ಎರಡೂ ದಂಡೆಯಲ್ಲಿ ಹಬ್ಬುತ್ತದೆ. ಎಲ್ಲ ತನ್ನ ಎರಡು ಬಟ್ಟಿನ ಕೆಲಸದಿಂದ. ಜ್ಞಾನದೇವನ ಕಾಲು ಹಿತ್ತಲ ಬಾಗಿಲ ಕಡೆ ಎಳೆಯುತ್ತಿತ್ತು. ಬಾಯಿ ಮಾತ್ರ ಕಾಲಿನ ಮಾತು ಕೇಳಲಿಲ್ಲ.

"ತಪ್ಪು ನಂದ್ರಿ. ಅರಿಷಿಣ ಆದಮ್ಯಾಲ ಕತ್ತಿ ಹಿಡಿಬಾರದಿತ್ತು. ಗಡ್ಡದ ಕೆಳಗ ಅರಿಷಿಣ ಇಳದಿಲ್ರಿ. ಬರೇ ಅಷ್ಟರಿ."

"ಧರೆಪ್ಪನ ಅನ್ನ ತಿಂದಾಂವ ಮತ್ತೇನ ಹೇಳ್ತಿ?" ಬಾಬಾಸಾಹೇಬ ಹಲ್ಲು ಕಡಿದ. "ತೊಗೊ, ಕರ್ಕೊಂಡು ಹೋಗ್ತೇನಿ ನನ್ನ ಸೋದರಸೊಸೀನ!"

"ಒಂದ ಮಾತ್ರಿ ಸಾಹೇಬ್ರ." ತನ್ನ ದನಿ ಯಾವುದೋ ಬಾವಿಯೊಳಗಿಂದ ಬಂದಂತೆ ಅವನಿಗೇ ಕೇಳಿಸಿತು. "ನಿಮ್ಮ ಮನ್ಯಾಗೂ ನಿನ್ನೆ ಅರಿಷಿಣ ಆಗೇತಿ, ನಿಮಗೂ ಹಚ್ಚ್ಯಾರ. ಮಾರಿ ಹಳದಿ ಐತಿ. ನಿಮ್ಮ ಗಲ್ಲಮೀಸಿದು ಒಂದ ಬಟ್ಟು ನನಗ ಕೊಡ್ರಿ. ಇದ ಲೈಟಿನ್ಯಾಗ ತಗೀತೇನಿ. ಕೆಳಗ ಬಿಳಿ ಬರಲಿಲ್ಲಂದ್ರ, ಈ ಕತ್ತಿ ನನ್ನ ಕೊಳ್ಳಿಗೆ ಇಡ್ರಿ."

ಹಂದರದಲ್ಲಿ ಯಾರೋ "ಅಯ್ಯಯ್ಯಯ್ಯ" ಎಂದರು. ಆ ಗಲ್ಲಮೀಸೆಗೆ ಮುಗಳಖೋಡದ ಸಂತೆಯಲ್ಲಿ ಜನ ದಾರಿ ಬಿಡುತ್ತಿದ್ದರು. ಬಾಬಾಸಾಹೇಬನ ಕೈ ತಾನಾಗಿ ಗಲ್ಲಕ್ಕೆ ಹೋಯಿತು. ಅವನ ಕಣ್ಣಲ್ಲೂ ಒಂದು ಭಯ ಇಣುಕಿದ್ದನ್ನು ಜ್ಞಾನದೇವ ಕಂಡ. ಬಿಳಿ ಬಾರದಿದ್ದರೆ ಸೊಸೆಯ ಮದುವೆ ಹೋಯಿತು. ಬಂದರೂ ಮೀಸೆ ಹೋಯಿತು.

"ಹಂಗಾರ ತಗಿ" ಎಂದು ಬಾಬಾಸಾಹೇಬ ಕುರ್ಚಿಯಲ್ಲಿ ಕುಳಿತ.

ಭೀಮಸಿ ಮಾತು ಮರೆತು ದೀಪ ಹತ್ತಿರ ತಂದ. ಅದರ ಝಳಕ್ಕೆ ಜ್ಞಾನದೇವನ ಹಣೆಯ ಬೆವರು ರೆಪ್ಪೆಗೆ ಇಳಿಯಿತು. ಕತ್ತರಿಯಿಂದ ಕೂದಲು ತಗ್ಗಿಸಿ, ನೀರು ಹಚ್ಚಿ ಮೆತ್ತಗೆ ಮಾಡಿದ. ಮಣಿಕಟ್ಟನ್ನು ಬಾಬಾಸಾಹೇಬನ ಗದ್ದಕ್ಕೆ ಊರಿ, ಎಡಗೈಯಿಂದ ಚರ್ಮ ಬಿಗಿಹಿಡಿದ. ಬಿಗಿಹಿಡಿದ ಬೆರಳಿನ ಕೆಳಗೆ ನಾಡಿ ಡವಡವ ಹೊಡೆಯುತ್ತಿತ್ತು. ತನ್ನದೋ ಅವನದೋ ತಿಳಿಯಲಿಲ್ಲ. ಈ ಮೀಸೆಯನ್ನು ಇತ್ತೀಚೆಗೆ ಬೋಳಿಸಿ, ಚರ್ಮಕ್ಕೆ ಬಿಸಿಲು ತಾಗಿದ್ದರೆ? ಕೂದಲು ತೆಳ್ಳಗಿದ್ದು ಅರಿಷಿಣ ಒಳಗಿಳಿದಿದ್ದರೆ?

ಎಳೆದ.

ಒರೆಸಿದ.

ಬೆಳ್ಳಗೆ, ಬೆಣ್ಣೆಯಂತೆ, ಒಂದು ಬಟ್ಟಿನಗಲದ ಪಟ್ಟಿ ಹೊರಬಂತು. ಅಪ್ಪಾಸಾಬನ ಗಲ್ಲದಲ್ಲಿದ್ದುದೇ. ಅದಕ್ಕಿಂತ ಒಂದು ಕೈ ಜಾಸ್ತಿಯೇ.

ಬಾಬಾಸಾಹೇಬ ಕನ್ನಡಿ ಕಸಿದುಕೊಂಡು ಬಹಳ ಹೊತ್ತು ನೋಡಿದ. ಬೆರಳಿಂದ ಉಜ್ಜಿದ. ಅದು ಹೋಗಲಿಲ್ಲ. ಹಂದರವೆಲ್ಲ ಅವನ ಬಾಯಿಯನ್ನೇ ನೋಡುತ್ತಿತ್ತು.

"ಇನ್ನೊಂದ ಕಡಿದೂ ತಗಿ" ಎಂದ ಕೊನೆಗೆ. "ಒಂದ ಕಡಿ ಮೀಸಿ ಇಟ್ಕೊಂಡು ಅಕ್ಷತಿ ಹಾಕಂದ್ರ ಹಾಕಾಕಾಗತೈತೇನಲೇ?"

ಮೊದಲು ಒಳಗಿನ ಹೆಂಗಸರು ನಕ್ಕರು. ಆಮೇಲೆ ಧರೆಪ್ಪ ನಕ್ಕ, ನಗುತ್ತಲೇ ಕಂಬ ಹಿಡಿದು ಕೆಳಗೆ ಕೂತುಬಿಟ್ಟ. ಅಪ್ಪಾಸಾಬನ ತಾಯಿ ಗೌರಾಬಾಯಿ ಪೌಡರ್ ಡಬ್ಬಿ ಹಿಡಿದು ಓಡಿಬಂದಳು. ಭೀಮಸಿ ಕೈ ಅಡ್ಡ ಹಿಡಿದ. "ಪೌಡರ್ ಬ್ಯಾಡ ಮಾವಶಿ, ಫ್ಲಾಶಿಗೆ ಮತ್ತಷ್ಟು ಬೆಳ್ಳಗ ಕಾಣತೈತಿ!" ಜ್ಞಾನದೇವ ಎಣ್ಣೆ ಬೆರೆಸದೆ, ಹಾಲಿನಲ್ಲಿ ಅರಿಷಿಣ ಕಲಸಿ ಇಬ್ಬರ ಗಲ್ಲಕ್ಕೂ ಹಚ್ಚಿದ. ಆಗತಾನೆ ಬೋಳಿಸಿದ ಚರ್ಮ ಉರಿಯಿತು. ಮಾವ, ಅಳಿಯ ಇಬ್ಬರೂ ಅಕ್ಕಪಕ್ಕ ಕೂತು ಹಲ್ಲು ಕಚ್ಚಿ ಗಾಳಿ ಹಾಕಿಸಿಕೊಂಡರು. ಕಾಲು ತಾಸಿಗೆ ತೊಳೆದರೆ, ಬಿಳಿ ಪೂರ್ತಿ ಹೋಗದಿದ್ದರೂ ಹಳದಿ ಹಿಡಿದಿತ್ತು. ಭೀಮಸಿ ಫ್ಲಾಶನ್ನು ನೇರ ಮುಖಕ್ಕೆ ಹೊಡೆಯದೆ, ಪುರೋಹಿತರ ತಲೆಗಿಂತ ಎತ್ತರಕ್ಕೆ ಹಂದರಕ್ಕೆ ಕಟ್ಟಿಸಿದ ಬಿಳಿ ಧೋತರಕ್ಕೆ ಹೊಡೆದು ಬೆಳಕನ್ನು ಮೆತ್ತಗೆ ಮಾಡಿದ.

ಅಕ್ಷತೆ ಬಿತ್ತು. ಜ್ಞಾನದೇವ ಕತ್ತಿ ಒರೆಸಿ, ಪೆಟ್ಟಿಗೆ ಎತ್ತಿಕೊಂಡು, ಗೋಡೆಯ ಬದಿಯಿಂದ ಮೆಲ್ಲಗೆ ಜಾರುತ್ತಿದ್ದ. ಬಾಬಾಸಾಹೇಬನ ಕೈ ಅವನ ಹೆಗಲ ಮೇಲೆ ಬಿತ್ತು.

"ಎಲ್ಲಿ ಹೊಂಟಿ?"

"ಮನಿಗ್ರಿ..."

"ಮನಿಗಂತ! ನಾಳೆ ಆಲ್ಬಮ್ ನೋಡಿ ಯಾರರ ಕೇಳ್ತಾರ, ಈ ಮಾವಂದು ಮೀಸಿ ಎಲ್ಲಿ ಹೋತು ಅಂತ. ಉತ್ತರ ಹೇಳಾಂವ ಫೋಟೋದಾಗ ಅಲ್ಲೇ ನಿಂತಿರಬೇಕು. ಬಾ, ನಡಿ."

ಜ್ಞಾನದೇವನನ್ನು ಮದುಮಕ್ಕಳ ಪಕ್ಕಕ್ಕೆ ತಳ್ಳಿ ನಿಲ್ಲಿಸಿದರು. ಮೂವತ್ತು ವರ್ಷ ಅವನು ದೀಪದ ಹಿಂದೆಯೇ ನಿಂತವನು, ಅದರ ಎದುರು ಎಂದೂ ನಿಂತವನಲ್ಲ. ಭೀಮಸಿ "ರೆಡೀ" ಎಂದ.

ಆ ಫೋಟೋ ಧರೆಪ್ಪನ ಪಡಸಾಲೆಯಲ್ಲಿ ಈಗಲೂ ಇದೆ. ಎಲ್ಲರ ಕಣ್ಣೂ ತೆರೆದಿವೆ, ಜ್ಞಾನದೇವನವು ಮಾತ್ರ ಗಟ್ಟಿಯಾಗಿ ಮುಚ್ಚಿವೆ.