ಪರದೆಯ ಸಂದು

ಬಂದರಿನ ಹೂಳೆತ್ತುವ ಹಡಗಿಗೂ ಕೊಲ್ಲಿಯ ಕಡಲಹುಲ್ಲಿಗೂ ನಡುವೆ ಇದ್ದದ್ದು ಒಂದೇ ಒಂದು ಪರದೆ. ಮೇಲೆ ಹಳದಿ ತೇಲುಬುರುಡೆಗಳ ಸಾಲು, ಕೆಳಗೆ ಇಳಿಬಿಟ್ಟ ದಪ್ಪ ಬಟ್ಟೆ. ರಾಡಿ ಆಚೆ ದಾಟದಂತೆ ಅದನ್ನು ಕಾಯುವುದು ಅಕ್ಕನ ಕೆಲಸ. ಸಮುದ್ರಕ್ಕೆ ಲಂಗ ತೊಡಿಸುವವಳು ಎಂದು ತಮ್ಮ ರೇಗಿಸುತ್ತಿದ್ದ.

ಅವನು ಮೀನುಗಾರ. ದೋಣಿ ಬಂದರಿನೊಳಗೆ, ಬಲೆ ಬಿಡುವುದು ಕೊಲ್ಲಿಯಾಚೆ. ಪರದೆ ಬಂದ ಮೇಲೆ ಅಲೆ ತಡೆಯಲು ಕಟ್ಟಿದ್ದ ಬಂದರಿನ ಗೋಡೆ ಸುತ್ತಿ ಹೋಗಬೇಕಾಗಿ ಡೀಸೆಲ್ ಕುಡಿದು ತೇಗುತ್ತಿತ್ತು ಎಂಜಿನ್. ಪರದೆಯ ಒಂದು ತುಂಡಿನ ಕಟ್ಟು ಬಿಚ್ಚಿ ದಾರಿ ಬಿಡು ಎಂದು ಕೇಳಿದ. ಒಡಹುಟ್ಟಿದವನು, ಇಲ್ಲವೆನ್ನಲು ಅವಳಿಗೆ ಬಾಯಿ ಬರಲಿಲ್ಲ. ಮೊದಮೊದಲು ಅವನು ದಾಟಿದ ಕೂಡಲೇ ಕಟ್ಟುತ್ತಿದ್ದಳು. ನೆನೆದ ಗಂಟು ಬಿಚ್ಚಿ ಬಿಚ್ಚಿ ಉಗುರು ಕಿತ್ತುಬಂದಾಗ, ಸಂಜೆ ಹೇಗೂ ಬರುತ್ತಾನಲ್ಲ ಎಂದು ಹಾಗೇ ಬಿಟ್ಟಳು. ಆಮೇಲೆ ಅದೇ ರೂಢಿಯಾಯಿತು. ಪರದೆ ನೋಡಿಹೋಗಬೇಕಿದ್ದ ಮೇಲ್ವಿಚಾರಕ ದಡದಿಂದಲೇ ಕೈಬೀಸಿ ಹೋಗುತ್ತಿದ್ದ, ಪುಣ್ಯಾತ್ಮ.

ತಿಂಗಳುಗಟ್ಟಲೆ ರಾಡಿ ಆ ಸಂದಿನಿಂದ ನುಗ್ಗಿತು.

ಹುಲ್ಲನ್ನು ಪರೀಕ್ಷಿಸಲು ಬಂದ ಮುಳುಗುಗಾರ್ತಿ ಮೇಲೆದ್ದಾಗ ಅವಳ ಕೈಯಲ್ಲಿ ಕಂದು ಲೋಳೆಯಿತ್ತು. ಕೊಳೆತ ಮೊಟ್ಟೆಯ ನಾತ.

"ಬೆಳಕಿಲ್ಲದೆ ಸತ್ತಿದೆ. ಬೇರುಕಾಂಡದಲ್ಲಿ ಕೂಡಿಟ್ಟಿದ್ದನ್ನ ತಿಂದ್ಕೊಂಡು ಸ್ವಲ್ಪ ಕಾಲ ಜೀವ ಹಿಡ್ಕೊಂಡಿತ್ತು, ಅಷ್ಟೇ."

ಮತ್ತೆ ನೆಡಬಹುದಲ್ಲ ಎಂದು ಅಕ್ಕ ಕೇಳಿದಳು. ಮುಳುಗುಗಾರ್ತಿ ತಳದಿಂದ ಕೊಳವೆಯಲ್ಲಿ ತೆಗೆದ ಕಪ್ಪು ಕೆಸರನ್ನು ತೋರಿಸಿದಳು. ನೂರಾರು ವರ್ಷ ಹುಲ್ಲು ಹೀರಿದ ಇಂಗಾಲ ಅದರಲ್ಲಿ ಹೂತುಕೊಂಡಿತ್ತಂತೆ. ಗಾಳಿಯಾಡದ ಕೆಸರಾದ್ದರಿಂದ ಕೊಳೆಯದೆ ಉಳಿದಿತ್ತಂತೆ. ಹಿಡಿದಿಡುವ ಬೇರು ಹೋದ ಮೇಲೆ ಅಲೆ ಅದನ್ನು ಕೆದಕುತ್ತದೆ, ಒಂದಷ್ಟು ಕೊಳೆತು ಗಾಳಿಗೆ ಸೇರುತ್ತದೆ. ಹುಲ್ಲು ಹಿಡಿದರೂ ಹಿಡಿದೀತು, ಹೋದ ಕೆಸರು ನಮ್ಮ ಮೊಮ್ಮಕ್ಕಳ ಕಾಲಕ್ಕೂ ತುಂಬುವುದಿಲ್ಲ ಎಂದಳು.

ಆ ಸಂಜೆಯೇ ಅಕ್ಕ ಸಂದನ್ನು ಬಿಗಿಯಾಗಿ ಹೊಲಿದಳು. ಪರದೆಯ ತುಂಡು ಹರಿದಿತ್ತು, ಅದಕ್ಕೇ ಹೊಲಿದೆ ಎಂದು ತಮ್ಮನಿಗೆ ಸುಳ್ಳು ಹೇಳಿದಳು.

ಮರುವರ್ಷ ಅವನ ಬಲೆ ಬರಿದಾಗಿ ಬರತೊಡಗಿತು. ಹುಲ್ಲಿನ ಮರೆಯಲ್ಲಿ ಬೆರಳುದ್ದ ಬೆಳೆದು ಆಚೆ ಹೋಗಬೇಕಿದ್ದ ಮೀನಿನ ಮರಿಗಳು ಅಡಗಲು ಜಾಗವಿಲ್ಲದೆ ದೊಡ್ಡ ಮೀನುಗಳ ಬಾಯಿಗೆ ಬಿದ್ದಿದ್ದವು. ಆ ಹುಲ್ಲನ್ನು ಬಾಲವಾಡಿ ಎಂದು ಕರೆದವನೂ ಅವನೇ. ಅದರ ಮೇಲೆ ಒಮ್ಮೆಯೂ ಬಲೆ ಬೀಸಿದವನಲ್ಲ.

ಒಂದು ದಿನ, ಅವಳು ಪರದೆ ನೋಡಲು ಬಂದಿದ್ದ ಸಣ್ಣ ದೋಣಿಯ ಪಕ್ಕಕ್ಕೆ ಬಂದು ಎಂಜಿನ್ ಆರಿಸಿದ.

"ನಿಮ್ಮ ಹಡಗಲ್ಲಿ ಏನಾದ್ರೂ ಕೆಲಸ ಕೊಡ್ಸಕ್ಕಾ. ಇನ್ನು ಇದನ್ನ ನಂಬ್ಕೊಂಡು ಆಗಲ್ಲ." ಆಮೇಲೆ ಹೂಳೆತ್ತುವವರಿಗೆ ಶಾಪ ಹಾಕಿದ, ಯಾವನೋ ದರಿದ್ರದವನು ರಾಡಿ ಬಿಟ್ಟು ಬಾಲವಾಡಿ ಹಾಳುಮಾಡಿದ ಎಂದ.

ಅಕ್ಕ ಹೊಲಿಗೆಯ ಮೇಲೆ ಕೈಯಿಟ್ಟಳು. "ಇಲ್ಲಿಂದಾನೇ ಹೋಗಿದ್ದು ಕಣೋ. ಕಟ್ಟದೆ ಬಿಟ್ಟೋಳು ನಾನೇ."

ತಮ್ಮ ಹೊಲಿಗೆಯನ್ನು ನೋಡಿದ, ತನ್ನ ದೋಣಿಯ ಮೂತಿಯನ್ನು ನೋಡಿದ. ಎರಡೂ ಒಂದೇ ನೇರಕ್ಕಿದ್ದವು, ಅವನು ದಿನಾ ದಾಟುತ್ತಿದ್ದ ದಾರಿಯಲ್ಲೇ. ಚುಕ್ಕಾಣಿಗೆ ಕೈಹಾಕಿ ಕೇಳಿದ, "ಕೆಲಸ ಕೊಡಿಸ್ತೀಯಾ, ಇಲ್ವಾ?"

ಕೊಡಿಸುತ್ತೇನೆ ಎಂದಳು. ಅವನು ಅವಳ ಮುಖ ನೋಡದೆ ದೋಣಿ ತಿರುಗಿಸಿದ.