ಇಪ್ಪತ್ತೊಂದು ನಿಮಿಷಗಳ ಆಚೆಗೊಬ್ಬ ಅಕ್ಕ

ಎದುರಿಗಿದ್ದವರ ಮಾತು ಮುಗಿಯುವ ಮುನ್ನವೇ ಉತ್ತರ ಹೇಳಿಬಿಡುವುದು ಅವಳ ಚಾಳಿ. ಭೂಮಿಯಿಂದ ಇಷ್ಟು ದೂರದ, ಸೆಳೆತ ಕಡಿಮೆಯಿರುವ ಈ ಕೆಂಪು ಗ್ರಹದ ವಸಾಹತಿನಲ್ಲಿ ನಾವೆಲ್ಲ ಹಗುರಾಗಿ ಪುಟಿಯುತ್ತ ನಡೆದರೆ, ಅವಳು ಮೊಣಕೈ ಸವೆದ ಕೋಟಿನ ಜೇಬುಗಳಿಗೆ ಕಲ್ಲು ತುಂಬಿಕೊಂಡು ಭಾರವಾಗಿ ಹೆಜ್ಜೆಯಿಡುತ್ತಿದ್ದಳು. ಇಲ್ಲಿನ ಮಣ್ಣಿನ ವಿಷದ ಉಪ್ಪನ್ನು ತೊಳೆದು ಆಲೂಗಡ್ಡೆ ಬೆಳೆಯುವುದು ಅವಳ ಕೆಲಸ. ಎಲ್ಲರ ಬಾಯಲ್ಲಿ ಅವಳು ಮಣ್ಣಮ್ಮ. ನಾನು ಸಂದೇಶ ಕೋಣೆಯವಳು, ಅವಳ ಗೆಳತಿ.

ಧೂಳಿನಿಂದ ಎದೆ ಕೆಟ್ಟಿದೆಯೆಂದು ವೈದ್ಯರು ಬರೆದಾಗ ಅವಳು ಅದನ್ನು ತಮಾಷೆಯಾಗಿ ಭೂಮಿಯಲ್ಲಿದ್ದ ಅಕ್ಕನಿಗೆ ತಿಳಿಸಿದಳು. ಅಕ್ಕ ಹೆದರಿ, ತಂಗಿಯನ್ನು ವಾಪಸು ಕಳಿಸಿ ಎಂದು ಅಲ್ಲಿನ ವಸಾಹತು ಕಚೇರಿಗೆ ಅರ್ಜಿ ಕೊಟ್ಟಳು. ವೈದ್ಯರ ವರದಿಯ ಜೊತೆ ರಕ್ತಸಂಬಂಧಿಯ ಅರ್ಜಿಯೂ ಸೇರಿದರೆ ಮರಳುವ ಹಡಗಿನಲ್ಲಿ ಸೀಟು ಖಾಯಂ; ಅದನ್ನು ತಪ್ಪಿಸಬೇಕಾದರೆ ಅರ್ಜಿಯನ್ನು ಕೊಟ್ಟವರೇ ಹಿಂಪಡೆಯಬೇಕು. ಹಡಗು ಹೊರಡಲು ಇನ್ನೂ ಒಂದೂವರೆ ವರ್ಷವಿತ್ತು. ಆದರೆ ಹತ್ತು ತಿಂಗಳಲ್ಲಿ ಸೂರ್ಯ ಎರಡು ಗ್ರಹಗಳ ನಡುವೆ ಬಂದು ಎರಡು ವಾರ ಸಂದೇಶವೇ ನಿಲ್ಲುತ್ತದೆ. ಹಡಗಿನ ಪ್ರಯಾಣಿಕರ ಪಟ್ಟಿ ಅದಕ್ಕೆ ಮುಂಚೆ ಮುಚ್ಚುತ್ತದೆ.

ಆ ಹತ್ತು ತಿಂಗಳೂ ಅವಳು ಒಂದೇ ಇಮೇಲನ್ನು ಕಳಿಸದೆ ಬರೆಯುತ್ತಲೇ ಹೋದಳು. ಗ್ರಹಗಳು ದೂರವಾದಂತೆ ಸಂದೇಶ ತಲುಪುವ ಹೊತ್ತೂ ಬೆಳೆಯುತ್ತಿತ್ತು. ಪ್ರತಿ ಕಂತಿನ ನೆತ್ತಿಗೆ ಆ ದಿನದ ನಿಮಿಷಗಳನ್ನು ಬರೆಯುತ್ತಿದ್ದಳು.

"ಎಂಟು ನಿಮಿಷ. ಅಕ್ಕಾ, ನನ್ನ ಕೇಳದೆ ಅರ್ಜಿ ಕೊಟ್ಯಲ್ಲ, ನಾನೇನು ಚಿಕ್ಕ ಮಗುವಾ?"

"ಹದಿಮೂರು. ಅಲ್ಲಿ ನಿನಗ್ಯಾರಿದ್ದಾರೆ ಅಂತೀಯ. ಒಬ್ಬ ಗೆಳತಿ ಬಿಟ್ರೆ ಯಾರೂ ಇಲ್ಲ. ಊಟಕ್ಕೆ ಒಬ್ಬಳೇ ಕೂರ್ತೀನಿ. ನಿನ್ನ ನೆನಪಾಗಿ ಅತ್ತಿದ್ದೂ ಉಂಟು. ಆದ್ರೂ ಬರಲ್ಲ."

"ಹದಿನೆಂಟು. ಸತ್ತೋಗ್ತೀಯ ಅಂತ ಹೆದರಿಸ್ತೀಯ. ಅಲ್ಲಿಗೆ ಬಂದ್ರೆ ಸಾಯಲ್ವಾ? ಐದನೇ ಸಲ ತೊಳೆದ ಮಣ್ಣಲ್ಲಿ ಮೊಳಕೆ ಬಂದಿದೆ ಕಣೇ."

"ಕಂತುಕಂತಾಗಿ ಕಳಿಸಬಾರದೇನೇ?" ಎಂದೆ.

"ಒಂದೊಂದಕ್ಕೂ ಜಗಳ ತೆಗೀತಾಳೆ. ಅವಳು ಕೇಳೋದನ್ನೆಲ್ಲ ನಾನೇ ಕೇಳ್ಕೊಂಡು ಮುಗಿಸ್ತೀನಿ."

ಹಾಗೆ ಮುಗಿಸುವಷ್ಟರಲ್ಲಿ ಪಟ್ಟಿ ಮುಚ್ಚುವ ದಿನವೇ ಬಂದಿತ್ತು. ಖಾಸಗಿ ಪತ್ರಗಳು ಪ್ರಯೋಗಾಲಯದ ಮಾಹಿತಿಯ ಹಿಂದೆ ಸರದಿ ಕಾಯಬೇಕೆಂಬ ನಿಯಮ ಮುರಿದು ನಾನು ಅದನ್ನು ಮೊದಲು ಕಳಿಸಿದೆ. ಹೋಗಲು ಇಪ್ಪತ್ತೊಂದು ನಿಮಿಷ, ಬರಲು ಇಪ್ಪತ್ತೊಂದು. ಪಟ್ಟಿ ಮುಚ್ಚಲು ಉಳಿದದ್ದು ಎರಡು ಗಂಟೆ. ನಲವತ್ತೆರಡು ನಿಮಿಷ ಕಳೆಯಿತು, ಪರದೆ ಖಾಲಿ. ಒಂದು ಗಂಟೆಯಾಯಿತು.

"ಓದ್ತಿರ್ತಾಳೆ ಬಿಡು, ಅಕ್ಷರ ಅಕ್ಷರ ಕೂಡಿಸಿ ಓದೋಳು," ಎಂದಳು. ಕಾಲು ಮಾತ್ರ ಕುಣಿಯುತ್ತಿತ್ತು.

ಎಪ್ಪತ್ತಾರನೆಯ ನಿಮಿಷಕ್ಕೆ ಬಂತು: "ಅರ್ಜಿ ವಾಪಸ್ ತಗೊಂಡೆ. ಕಚೇರಿಯೋರು ಒಪ್ಪಿದ್ದಾರೆ. ಕತ್ತೆ, ಹಠಮಾರಿ. ಕಷಾಯ ಕುಡೀತಾ ಇರು."

ಅವಳು ಅತ್ತದ್ದನ್ನು ನಾನು ಕಂಡದ್ದು ಆಗ ಮಾತ್ರ.

ಅಲ್ಲಿಂದ ಮುಂದೆ ಮೂರು ವರ್ಷ ಬದುಕಿದಳು. ನಾಲ್ಕು ಬೆಳೆ ತೆಗೆದಳು. ಹೋದ ತಿಂಗಳು ಆ ಮಣ್ಣಿನಲ್ಲೇ ಅವಳನ್ನಿಟ್ಟೆವು. ಸುದ್ದಿಯನ್ನು ಅಕ್ಕನಿಗೆ ನಾನೇ ಕಳಿಸಿದೆ. ಇಂಥವರನ್ನು ಜನ ಕಲ್ಲೆದೆಯವರು ಎನ್ನುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ತಮ್ಮವರು ಬೇಡವೆಂದು ದೂರ ಉಳಿಯುವವರಲ್ಲ ಇವರು. ಪ್ರೀತಿಯ ಹೆಸರಿನಲ್ಲಿ ತಮ್ಮ ಬದುಕನ್ನು ಬೇರೆಯವರು ತೀರ್ಮಾನಿಸುವುದನ್ನು ಒಪ್ಪದವರು, ಆ ಪ್ರೀತಿಯನ್ನು ಬಿಟ್ಟುಕೊಡಲೂ ಒಪ್ಪದವರು.