ದುರ್ಗವ್ವನ ಹೆಸರಿನ ಇನ್ನೂರು ಮೀನು

ಸುಮಲತಾ ಮೊಬೈಲಿನಲ್ಲಿ ಮೂರು ಸಲ ಗುಣಿಸಿ, ಮೂರು ಸಲ ಭಾಗಿಸಿದಳು. ಮೂರು ಸಲವೂ ಅದೇ ಬಂತು. ದೇವಾಪುರದ ಹತ್ತಿರದ ಆ ಮೂವತ್ತು ಎಕರೆಯ ಕೆರೆಯಲ್ಲಿ ಅರವತ್ತು ಸಾವಿರ ರೋಹು ಮೀನು.

"ಎಷ್ಟಂದ್ರಿ ಮೇಡಮ್ಮ?" ಎಂದು ಮೀನುಗಾರರ ಸಂಘದ ಅಧ್ಯಕ್ಷ ಹುಲಗಪ್ಪ ಕಿವಿಗೆ ಕೈ ಹಚ್ಚಿ ಕೇಳಿದ.

"ಅರವತ್ತು ಸಾವಿರ್ರಿ."

ಹುಲಗಪ್ಪ ಹೆಗಲ ಮೇಲಿನ ಟವೆಲ್ಲನ್ನು ಗಾಳಿಗೆ ತೂರಿ, ಅದು ನೆಲಕ್ಕೆ ಬೀಳುವ ಮೊದಲೇ ಕುಣಿಯಲು ಶುರು ಮಾಡಿದ. ಐವತ್ತೆಂಟು ವರ್ಷದ ಮನುಷ್ಯ, ಮಂಡಿ ನೋವೆಂದು ಮೊನ್ನೆಯಷ್ಟೇ ಸುರಪುರದ ಡಾಕ್ಟರ ಹತ್ತಿರ ಹೋಗಿಬಂದವನು. ಅವನನ್ನು ನೋಡಿ ಒಡ್ಡಿನ ಮೇಲಿದ್ದ ಹನ್ನೆರಡು ಮಂದಿಯೂ ಕುಣಿದರು. ನಬಿಸಾಬ ಸುರಪುರಕ್ಕೆ ಬೈಕ್ ಓಡಿಸಿ ಒಂದು ಪುಟ್ಟಿ ಮಂಡಕ್ಕಿ, ಮಿರ್ಚಿ ತಂದ. ಶಹಾಪುರದಲ್ಲಿ ಹುಟ್ಟಿ ಬೆಳೆದ ಸುಮಲತಾ, ಮೀನುಗಾರಿಕೆ ಇಲಾಖೆಯಲ್ಲಿ ಗುತ್ತಿಗೆಯ ಕ್ಷೇತ್ರ ಸಹಾಯಕಿ, ಒಬ್ಬಳೇ ನಿಂತು ಮಾಡಿದ ಮೊದಲ ಎಣಿಕೆ ಇದು. ಅವಳ ಕಾಲೂ ನಿಂತಲ್ಲಿ ನಿಲ್ಲಲಿಲ್ಲ.

ಎಣಿಸುವ ಬಗೆಯನ್ನು ಅವಳು ಇವರಿಗೆ ಜೋಳದ ಚೀಲದ ಮೇಲೆ ತಿಳಿಸಿಕೊಟ್ಟಿದ್ದಳು. ಕಾಳೆಷ್ಟು ಗೊತ್ತಿಲ್ಲದ ಚೀಲಕ್ಕೆ ಇನ್ನೂರು ತೊಗರಿ ಕಾಳು ಹಾಕಿ ಚೆನ್ನಾಗಿ ಬೆರೆಸಬೇಕು. ಆಮೇಲೆ ಕಣ್ಣುಮುಚ್ಚಿ ಬೊಗಸೆ ತುಂಬ ತೆಗೆಯಬೇಕು. ಬೊಗಸೆಯಲ್ಲಿ ತೊಗರಿ ಹೆಚ್ಚು ಕಂಡರೆ ಚೀಲದಲ್ಲಿ ಜೋಳ ಕಡಿಮೆ. ತೊಗರಿ ಹುಡುಕಿದರೂ ಸಿಗದಿದ್ದರೆ ಜೋಳ ರಾಶಿ ಇದೆ ಎಂದೇ ಲೆಕ್ಕ. ಹಾಗೆಯೇ ಹತ್ತು ದಿನದ ಹಿಂದೆ ಇನ್ನೂರು ರೋಹು ಹಿಡಿದು, ಪ್ರತಿಯೊಂದರ ಹೊಟ್ಟೆಯ ಬಲಗಡೆಯ ಈಜುರೆಕ್ಕೆಯನ್ನು ತುಸು ಕತ್ತರಿಸಿ ಗುರುತು ಮಾಡಿ ಬಿಟ್ಟಿದ್ದರು. ನಡುವೆ ಯಾರೂ ಬಲೆ ಬೀಸಲಿಲ್ಲ, ಹೊಸ ನೀರು ಬರಲಿಲ್ಲ, ಕೋಡಿಯೂ ಹರಿಯಲಿಲ್ಲ. ಇಂದು ಅದೇ ಎಳೆಬಲೆಯಿಂದ ಮುನ್ನೂರು ಹಿಡಿದು, ನೋಡಿ ಬಿಟ್ಟರು. ಅದರಲ್ಲಿ ಗುರುತಿನದು ಒಂದೇ ಒಂದು. ಇನ್ನೂರನ್ನು ಮುನ್ನೂರರಿಂದ ಗುಣಿಸಿ ಒಂದರಿಂದ ಭಾಗಿಸಿದರೆ ಅರವತ್ತು ಸಾವಿರ.

ಬಾಯಲ್ಲಿ ಮಿರ್ಚಿ ಇರುವಾಗಲೇ ಯಾದಗಿರಿಯಲ್ಲಿದ್ದ ಇಲಾಖೆಯ ಮೇಲಧಿಕಾರಿ ಭೀಮೇಶ ಸಾಹೇಬರಿಗೆ ಫೋನ್ ಮಾಡಿದಳು.

"ಭಾಳ ಚಲೋ ಆತು," ಎಂದರು ಸಾಹೇಬರು. "ಹಂಗಾರ ಸೋಮವಾರದ ಮೀನುಮರಿ ಲಾರಿ ಬ್ಯಾರೆ ಕೆರಿಗೆ ಕಳಸ್ತೀನಿ. ಐದು ಸಾವಿರಕ್ಕಿಂತ ಕಡಿಮಿ ಇದ್ದಲ್ಲಿ ಅಷ್ಟ ಮರಿ ಬಿಡೂದು. ನಿಮಗ ಯಾಕ ಬೇಕು?"

ಅವಳು ಕೈಯಲ್ಲಿದ್ದ ಅರ್ಧ ಮಿರ್ಚಿಯನ್ನು ಕೆಳಗಿಟ್ಟಳು. ಈ ನಿಯಮವನ್ನು ಅವಳು ಓದಿದ್ದಳು, ಖುಷಿಯಲ್ಲಿ ಮರೆತಿದ್ದಳು. ನಿಂತ ನೀರಿನಲ್ಲಿ ರೋಹು ಮೊಟ್ಟೆ ಇಡುವುದಿಲ್ಲ; ಇದ್ದದ್ದನ್ನು ಹಿಡಿದು ಮಾರಿದ ಮೇಲೆ, ಮರಿ ಬೀಳದಿದ್ದರೆ ಬರುವ ವರ್ಷ ಈ ಹನ್ನೆರಡು ಮನೆಯವರ ಬಲೆಗೆ ನೀರು ಮಾತ್ರ ಸಿಗುತ್ತದೆ. ಅವರೆಲ್ಲ ಇನ್ನೂ ಕುಣಿಯುತ್ತಿದ್ದರು. ಅವಳು ಹೇಳಿದ ಮೇಲೆ ಒಬ್ಬೊಬ್ಬರಾಗಿ ನಿಂತರು. ಕೊನೆಗೆ ನಿಂತವನು ಹುಲಗಪ್ಪ. ಅಷ್ಟು ಹೊತ್ತಿಗೆ ಅವನ ಮಂಡಿಗೆ ನೋವು ನೆನಪಾಗಿತ್ತು.

"ಅರವತ್ತು ಸಾವಿರ ಇದ್ರ ಇರ್ಲಿ ಬಿಡ್ರಿ," ಎಂದ ಕುಂಟುತ್ತ. "ಅದ್ರಾಗ ಉಂಡೇವಿ."

ಆದರೆ ಸುಮಲತಾಗೆ ತಲೆಯೊಳಗೆ ಹುಳ ಬಿಟ್ಟಂತಾಯಿತು. ಅರವತ್ತು ಸಾವಿರ ಮೀನಿರುವ ಕೆರೆಯಲ್ಲಿ ಮುನ್ನೂರು ಹಿಡಿಯಲು ಮುಂಜಾನೆಯಿಂದ ಮಧ್ಯಾಹ್ನದವರೆಗೆ ಹದಿನಾಲ್ಕು ಸಲ ಬಲೆ ಎಳೆಯಬೇಕಾಗಿತ್ತೇ? ಅಷ್ಟು ಮೀನಿದ್ದರೆ ಕಾಲಿಗೇ ತೊಡರಬೇಕಿತ್ತು.

ಮರುದಿನ ಮತ್ತೊಮ್ಮೆ ಬಲೆ ಹಾಕಿಸಿ, ದಂಡೆಯಲ್ಲಿ ಪುಸ್ತಕ ಹಿಡಿದು ಕೂರದೆ, ಚೂಡಿದಾರದ ಪ್ಯಾಂಟು ಮಡಚಿ, ಸೊಂಟಮಟ್ಟದ ನೀರಿಗೆ ಇಳಿದು, ರತ್ನಾಬಾಯಿಯ ಪಕ್ಕದಲ್ಲಿ ಬಲೆಯ ಅಂಚು ಹಿಡಿದಳು. ಸಂಘದ ಹಿರಿಯ ಹೆಂಗಸು ರತ್ನಾಬಾಯಿ, ಮಾತು ಕಡಿಮೆ. ಬಲೆ ಹತ್ತಿರ ಬಂತು. ರತ್ನಾಬಾಯಿ ಒಂದು ರೋಹು ಎತ್ತಿದಳು, ತಿರುಗಿಸಿ ಹೊಟ್ಟೆ ನೋಡಿದಳು, ಎರಡೂ ಕಣ್ಣಿಗೆ ಒತ್ತಿಕೊಂಡಳು, ಬಲೆಯಾಚೆ ಮೆಲ್ಲಗೆ ನೀರಿಗೆ ಬಿಟ್ಟಳು.

"ರತ್ನವ್ವಾ, ಏನ್ ಮಾಡಿದ್ರಿ ಈಗ?"

"ದುರ್ಗವ್ವನ ಮೀನಲ್ರಿ. ಅದನ್ನ ದಂಡಿಗಿ ಹೆಂಗ ಒಯ್ಯೂದು?"

"ಯಾರ ಹೇಳಿದ್ರು ದುರ್ಗವ್ವನ ಮೀನಂತ?"

ರತ್ನಾಬಾಯಿ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ನೀವಽ ಅಲ್ಲೇನ್ರಿ? ಗುಡಿಗಿ ಕೈ ಮುಗದ್ರಿ. ಕತ್ತರಿ ತಗೊಂಡು ಗುರ್ತು ಮಾಡಿದ್ರಿ. ಅರಿಶಿಣ ಹಚ್ಚಿದ್ರಿ. ನೀರಿಗಿ ಬಿಟ್ರಿ. ನಮ್ಮೂರಾಗ ಹರಕಿ ಹೋತದ ಕಿವಿ ಕತ್ತರಿಸಿ, ಅರಿಶಿಣ ಹಚ್ಚಿ ದೇವರ ಹೆಸರಿಗೆ ಬಿಡೂದು ಹಿಂಗಽ."

ಸುಮಲತಾಗೆ ನೀರಿನಲ್ಲೇ ಕೂತುಬಿಡೋಣ ಅನ್ನಿಸಿತು. ಗಾಯ ಕೊಳೆಯದಿರಲೆಂದು ಹಚ್ಚುವ ಔಷಧ ಆಫೀಸಿನಿಂದ ಬಂದಿರಲಿಲ್ಲ. ಅವ್ವ ಬೆರಳು ಕೊಯ್ದುಕೊಂಡಾಗ ಮಾಡುವಂತೆ ಅವಳು ಅಡುಗೆಮನೆಯ ಅರಿಶಿನ ತಂದಿದ್ದಳು. ಕೆಲಸ ಸುಸೂತ್ರ ಆಗಲೆಂದು ಒಡ್ಡಿನ ಮೇಲಿನ ದುರ್ಗವ್ವನ ಗುಡಿಗೆ ಕೈ ಮುಗಿದಿದ್ದೂ ನಿಜ.

ದಂಡೆಗೆ ಬಂದು ಎಲ್ಲರನ್ನೂ ಕೇಳಿದಳು. ನಿನ್ನೆ ರತ್ನಾಬಾಯಿ ಏಳು ಬಿಟ್ಟಿದ್ದಳು, ಹುಲಗಪ್ಪ ಐದು. ಉಳಿದವರಿಗೆ ಲೆಕ್ಕವೇ ಇರಲಿಲ್ಲ. ಹಾಗಾದರೆ ಪುಸ್ತಕಕ್ಕೆ ಬಂದ ಆ ಒಂದು ಯಾರದು? ಎಲ್ಲರೂ ನಬಿಸಾಬನ ಕಡೆ ನೋಡಿದರು.

"ನಾನೂ ನಾಕು ಬಿಟ್ಟೀನ್ರಿ," ಎಂದ ನಬಿಸಾಬ ನೊಂದ ದನಿಯಲ್ಲಿ. "ಅದೊಂದರ ಗುರ್ತು ಕಾಣ್ಲಿಲ್ಲ. ಚಸ್ಮಾ ಮನ್ಯಾಗ ಉಳಿದಿತ್ತು."

ಸುಮಲತಾ ನಗಲು ಶುರು ಮಾಡಿದವಳು ನಿಲ್ಲಿಸಲಾರದೆ ಹೊಟ್ಟೆ ಹಿಡಿದುಕೊಂಡಳು. ಬೊಗಸೆಯಿಂದ ತೊಗರಿಯನ್ನೆಲ್ಲ ಭಕ್ತಿಯಿಂದ ಆರಿಸಿ ತೆಗೆದ ಮೇಲೆ ಚೀಲದಲ್ಲಿ ಜೋಳ ರಾಶಿ ಕಾಣದೆ ಇನ್ನೇನು. ಹುಲಗಪ್ಪನಿಗೆ ಅದು ಹೊಳೆಯಲು ಸ್ವಲ್ಪ ಹೊತ್ತು ಬೇಕಾಯಿತು. ಹೊಳೆದಾಗ ಒಡ್ಡಿನ ಕಲ್ಲಿನ ಮೇಲೆ ಕುಳಿತು, "ಅಂದ್ರ ನಾವಽ ನಮ್ಮ ಲಾರಿ ಹೊಳ್ಳಿಸಿ ಕಳಿಸಿದಂಗಾತು," ಎಂದ.

"ನಾಳೆ ಮತ್ತ ಎಣಸೋಣ್ರಿ. ಗುರ್ತಿನ ಮೀನು ಬಿಡಬ್ಯಾಡ್ರಿ."

"ಬಿಡದಽ ಹೆಂಗ್ರಿ," ಎಂದಳು ರತ್ನಾಬಾಯಿ.

ಅದು ಬರೀ ಔಷಧ ಎಂದು ಸುಮಲತಾ ವಾದಿಸಬಹುದಿತ್ತು. ವಾದಿಸಿದರೆ ಸೋಮವಾರ ದಾಟಿ ಹೋಗುತ್ತಿತ್ತು. ಅವಳು ಗುಡಿಯ ಕಡೆ ನೋಡಿ ಯೋಚಿಸಿದಳು. "ರತ್ನವ್ವಾ, ತನ್ನ ಹೆಸರಿನ ಮೀನು ಎಷ್ಟು ಅಂತ ದುರ್ಗವ್ವ ನೋಡಬಾರದೇನ್ರಿ? ಗುಡಿ ಮುಂದ ನೀರಾಗ ಎರಡು ಬಲಿ ಪಂಜರ ಕಟ್ಟೋಣು. ಒಂದ್ರಾಗ ಆಕಿ ಮೀನು, ಇನ್ನೊಂದ್ರಾಗ ನಮ್ಮವು. ಎಲ್ಲಾ ಎಣಿಸಿ ಆದಮ್ಯಾಲ ಒಮ್ಮೆಲೆ ಬಿಡೋಣು."

ಒಮ್ಮೆ ಬಿಟ್ಟ ಮೀನೇ ಮತ್ತೆ ಸಿಕ್ಕು ಎರಡೆರಡು ಸಲ ಎಣಿಕೆಗೆ ಬರುವ ಕಾಟವೂ ಅದರಿಂದ ತಪ್ಪುತ್ತಿತ್ತು. ಅದನ್ನು ಅವಳು ಹೇಳಲಿಲ್ಲ. ರತ್ನಾಬಾಯಿ ತಲೆ ಆಡಿಸಿದಳು.

ಶನಿವಾರ ಮುನ್ನೂರು ಹಿಡಿಯುವ ಹೊತ್ತಿಗೆ ಗುರುತಿನವು ಇಪ್ಪತ್ತನಾಲ್ಕು ಬಂದವು. ನಬಿಸಾಬ ಅಂದು ಎರಡು ಕನ್ನಡಕ ತಂದಿದ್ದ. ಅರವತ್ತು ಸಾವಿರವನ್ನು ಇಪ್ಪತ್ತನಾಲ್ಕರಿಂದ ಭಾಗಿಸಿದರೆ ಎರಡು ಸಾವಿರದ ಐನೂರು. ಕೆರೆ ಬಡವಾಯಿತೆಂದು ಹುಲಗಪ್ಪ ಈ ಸಲ ಇನ್ನೂ ಜೋರಾಗಿ ಕುಣಿದ.

"ಗುರುವಾರ ಅರವತ್ತು ಸಾವಿರ, ಇವತ್ತು ಎರಡೂವರಿ," ಎಂದರು ಭೀಮೇಶ ಸಾಹೇಬರು. "ಉಳದವು ತಿಂಥಣಿ ಜಾತ್ರಿಗಿ ನಡಕೋತ ಹೋದುವೇನು?"

ಸುಮಲತಾ ಅರಿಶಿನದಿಂದ ಹಿಡಿದು ಕನ್ನಡಕದವರೆಗೆ ಎಲ್ಲವನ್ನೂ ಹೇಳಿದಳು, ತಪ್ಪು ತನ್ನದೇ ಎಂದಳು. ಸಾಹೇಬರು ಕೆಮ್ಮಿದಂತೆ ನಕ್ಕರು. "ಇದನ್ನೆಲ್ಲಾ ವರದಿಯೊಳಗ ಬರೀರಿ. ಲಾರಿ ಬರ್ತದ."

ಲಾರಿ ಬಂತು. ನೀರು ಮತ್ತು ಗಾಳಿ ತುಂಬಿದ ಪ್ಲಾಸ್ಟಿಕ್ ಚೀಲಗಳನ್ನು ಕೆರೆಯಲ್ಲಿ ತೇಲಬಿಟ್ಟು, ಒಳಗಿನ ನೀರೂ ಹೊರಗಿನ ನೀರೂ ಒಂದೇ ಹದಕ್ಕೆ ಬಂದ ಮೇಲೆ ಬಾಯಿ ಬಿಚ್ಚಿದರು. ಬೆರಳುದ್ದದ ಮರಿಗಳು ಮಿಂಚಿ ಮರೆಯಾದವು. ಆ ಸಂತೋಷದಲ್ಲಿ ನಬಿಸಾಬ ಒಂದು ಬಲಿತ ರೋಹು ಹಿಡಿದು, ನೀರು ತುಂಬಿದ ಬಕೆಟ್ಟಿನಲ್ಲಿ ಜೀವಂತ ತಂದು ಸುಮಲತಾಳ ಮುಂದಿಟ್ಟ. "ಮನಿಗಿ ಒಯ್ರಿ ಮೇಡಮ್. ಸಾರು ಮಾಡ್ರಿ."

ಅವನ ಮೂಗಿನ ಮೇಲೆ ಕನ್ನಡಕ ಇರಲಿಲ್ಲ. ಅವಳು ಬಗ್ಗಿ ಮೀನನ್ನು ತಿರುಗಿಸಿದಳು. ಬಲಗಡೆಯ ಈಜುರೆಕ್ಕೆ ಮೊಂಡಾಗಿತ್ತು.

ಅವಳು ಬಕೆಟ್ ಎತ್ತಿಕೊಂಡು, ಯಾರಿಗೂ ಕಾಣದಂತೆ ಗುಡಿಯ ಹಿಂದಿನ ಮೆಟ್ಟಿಲಿಳಿದಳು. ಮೀನನ್ನು ಎರಡೂ ಕೈಯಲ್ಲಿ ಎತ್ತಿ, ಆ ಕಡೆ ಈ ಕಡೆ ನೋಡಿ, ಕಣ್ಣಿಗೆ ಒತ್ತಿಕೊಂಡು ನೀರಿಗೆ ಬಿಟ್ಟಳು.

"ಹಂಗ ಬಿಟ್ರ ಲೆಕ್ಕ ತಪ್ಪತೈತಿ ಅಂತಿದ್ರಲ್ರಿ," ಎಂದು ಹಿಂದಿನಿಂದ ರತ್ನಾಬಾಯಿಯ ದನಿ ಬಂತು.

ಸುಮಲತಾ ಮುಖದ ನೀರು ಒರೆಸಿಕೊಂಡಳು. "ಇವತ್ತು ಎಣಿಕಿ ಇಲ್ಲ ಬಿಡವ್ವಾ," ಎಂದಳು.